ಹೆಸರು ಸಿಕ್ಕಿತು, ತಾರೀಖು ನೋಡಲಿಲ್ಲ: ಡೊಂಬಿವಿಲಿಯ ಒಂದು ಶೇರ್ ಪ್ರಕರಣ

ಅವರನ್ನು ಗಿರಿಜಕ್ಕ ಎನ್ನೋಣ. ನಿಜವಾದ ಹೆಸರು ಬೇಡ. ಊರು ಕುಂದಾಪುರದ ಹತ್ತಿರ, ಮದುವೆಯಾಗಿ ಬಂದಾಗಿನಿಂದ ಮನೆ ಡೊಂಬಿವಿಲಿ. ಗಂಡ ಮಸ್ಜಿದ್ ಬಂದರ್‌ನಲ್ಲಿ ಚಿಕ್ಕದೊಂದು ಲಂಚ್ ಹೋಮ್ ನಡೆಸುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಬರುವವರಲ್ಲಿ ಶೇರ್ ದಲಾಲರೂ ಇದ್ದರು. ಅವರ ಮಾತು ಕೇಳಿ 1994ರಲ್ಲಿ ಒಂದು ಕಂಪನಿಯ 150 ಶೇರು ತಗೊಂಡಿದ್ದರು. ಐವತ್ತೈವತ್ತರ ಮೂರು ಸರ್ಟಿಫಿಕೇಟ್. ಮೊದಲ ಹೆಸರು ಅವರದ್ದು, ಎರಡನೆಯದು ಗಿರಿಜಕ್ಕನದ್ದು. 2021ರಲ್ಲಿ ಅವರು ತೀರಿಕೊಂಡರು. ಸರ್ಟಿಫಿಕೇಟ್ ಸಿಕ್ಕಿದ್ದು 2024ರಲ್ಲಿ, ಕಪಾಟಿನ ಮೇಲಿನ ಅರೆಯಲ್ಲಿ, ಹಳೇ ಪಂಚಾಂಗಗಳ ನಡುವೆ. ಆ ಶೇರುಗಳನ್ನು ಗಿರಿಜಕ್ಕನ ಹೆಸರಿಗೆ ಮಾಡಿಸಿಕೊಳ್ಳಲು ಕಂಪನಿಗೆ ಬರೆಯಬೇಕಿತ್ತು.

ನಾನು ಫೋರ್ಟ್‌ನ ಒಂದು ಕಂಪನಿಯ ಶೇರ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತವನು. ಹೂಡಿಕೆದಾರರ ಕಾಗದಗಳನ್ನು ಒಡೆದು, ಸೀಲು ಹೊಡೆದು, ಸೆಕ್ರೆಟರಿ ಸಾಹೇಬರ ಟ್ರೇಗೆ ಹಾಕುವುದೇ ನನ್ನ ಕೆಲಸದ ಅರ್ಧ ಭಾಗವಾಗಿತ್ತು. ಹಾಗಾಗಿ ನಮ್ಮ ಕಡೆಯವರಿಗೆ ಇಂಥ ತೊಂದರೆ ಬಂದರೆ ನನ್ನ ಮನೆಯ ಬೆಲ್ ಒತ್ತುತ್ತಾರೆ. ಸೆಪ್ಟೆಂಬರ್ 29, ಭಾನುವಾರ. ಗಿರಿಜಕ್ಕ ಮತ್ತು ಅವರ ಮಗ ಬಂದರು. ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಒಂದು ದಪ್ಪ ಫೈಲು ತಂದಿದ್ದ.

"ಮಾವ, ಮೂರು ತಿಂಗಳಿಂದ ಬರೆಯುತ್ತಾ ಇದ್ದೇನೆ. ಯಾರೂ ಉತ್ತರ ಕೊಡುತ್ತಿಲ್ಲ. ಉತ್ತರ ಕೊಟ್ಟವನು ಒಬ್ಬನೇ, ಅವನು ದುಡ್ಡು ಕೇಳುತ್ತಾನೆ" ಎಂದ.

ಫೈಲು ಬಿಡಿಸಿದೆ. ಹುಡುಗ ಸೋಮಾರಿಯಲ್ಲ. ಆದರೆ ಅವನು ನಾಲ್ಕು ಕಡೆ ಬರೆದಿದ್ದ, ನಾಲ್ಕೂ ತಪ್ಪು ಬಾಗಿಲು.

ನಾಲ್ಕು ಹೆಸರುಗಳು

ಮೊದಲನೆಯದು ಸರ್ಟಿಫಿಕೇಟಿನ ಮೇಲೆಯೇ ಇದ್ದ ಸಹಿ. ಇಬ್ಬರು ಡೈರೆಕ್ಟರುಗಳು, ಅವರ ಕೆಳಗೆ ಸೆಕ್ರೆಟರಿ. ಮೂವತ್ತು ವರ್ಷದ ಹಿಂದಿನ ಸೆಕ್ರೆಟರಿ. ಆ ಹೆಸರಿಗೆ, ಸರ್ಟಿಫಿಕೇಟಿನಲ್ಲಿದ್ದ ನರಿಮನ್ ಪಾಯಿಂಟ್ ವಿಳಾಸಕ್ಕೆ, ಅಂಚೆಯಲ್ಲಿ ಕಾಗದ ಹೋಗಿತ್ತು. 'ಬಿಟ್ಟು ಹೋಗಿದ್ದಾರೆ' ಎಂಬ ಷರಾ ಹೊತ್ತು ವಾಪಸ್ ಬಂದಿತ್ತು.

ಎರಡನೆಯದು 2022-23ರ ವಾರ್ಷಿಕ ವರದಿಯಲ್ಲಿದ್ದ ಹೆಸರು. 'ಕಂಪನಿ ಸೆಕ್ರೆಟರಿ ಮತ್ತು ಕಂಪ್ಲಯನ್ಸ್ ಆಫೀಸರ್' ಎಂದು ಸರಿಯಾಗಿಯೇ ಇತ್ತು. ಹುಡುಗ ಅವರ ಹೆಸರಿನ ಇಮೇಲ್‌ಗೆ ಎರಡು ಸಲ ಬರೆದಿದ್ದ. ವಾಪಸ್ ಬರಲಿಲ್ಲ, ಉತ್ತರವೂ ಬರಲಿಲ್ಲ.

ಮೂರನೆಯದು ಅದೇ ವರದಿಯ ಹಿಂದಿನ ಪುಟಗಳಿಂದ ತೆಗೆದದ್ದು. ಅಲ್ಲಿಯೂ 'ಕಂಪನಿ ಸೆಕ್ರೆಟರಿ' ಎಂದು ಇನ್ನೊಬ್ಬರ ಸಹಿ. ಅವರಿಗೆ ಬರೆದಾಗ 'ಇದು ನಮಗೆ ಸಂಬಂಧಿಸಿದ್ದಲ್ಲ' ಎಂದು ಒಂದು ಸಾಲಿನ ಉತ್ತರ.

"ಇದೇನು ಮಾವ, ಕಂಪನಿಯ ವರದಿಯಲ್ಲಿ ಸಹಿ ಹಾಕಿ, ಸಂಬಂಧ ಇಲ್ಲ ಅಂತಾರೆ!"

ಅವರು ಹೇಳಿದ್ದು ಸರಿ. ದೊಡ್ಡವರೂ ಇಲ್ಲಿ ಎಡವುತ್ತಾರೆ. ಕಂಪನಿ ಸೆಕ್ರೆಟರಿಗಳಲ್ಲಿ ಎರಡು ಬಗೆ. ಒಬ್ಬರು ಕಂಪನಿಯ ಸಂಬಳದ ನೌಕರರು. ಇನ್ನೊಬ್ಬರು ಸಿಎಗಳ ಹಾಗೆ ಸ್ವಂತ ಆಫೀಸು ಇಟ್ಟುಕೊಂಡವರು. ಲಿಸ್ಟೆಡ್ ಕಂಪನಿಗೆ, ಅಂದರೆ ಶೇರುಪೇಟೆಯಲ್ಲಿ ಶೇರು ವಹಿವಾಟಾಗುವ ಕಂಪನಿಗೆ, ವರ್ಷಕ್ಕೊಮ್ಮೆ ಸೆಕ್ರೆಟೇರಿಯಲ್ ಆಡಿಟ್ ಆಗಬೇಕು, ಕಾಯ್ದೆ ಪಾಲಿಸಿದ್ದಾರೆಯೇ ಎಂಬ ತಪಾಸಣೆ ಅದು. ಅದನ್ನು ಮಾಡುವವರು ಈ ಎರಡನೇ ಬಗೆಯವರು. ಅವರ ವರದಿ MR-3 ಎಂಬ ನಮೂನೆಯಲ್ಲಿ ವಾರ್ಷಿಕ ವರದಿಯ ಜೊತೆ ಬರುತ್ತದೆ. ಸಭೆಯ ಮತ ಎಣಿಕೆಗೆ ಸಾಕ್ಷಿ ನಿಲ್ಲುವವರೂ ಸಾಮಾನ್ಯವಾಗಿ ಇವರೇ. ಗುರುತು ಹಿಡಿಯುವುದು ಸುಲಭ. ಇಬ್ಬರ ಸಹಿಯ ಕೆಳಗೂ ACS ಅಥವಾ FCS ಎಂದು ಸದಸ್ಯತ್ವ ಸಂಖ್ಯೆ ಇರುತ್ತದೆ. ಆದರೆ ಹೊರಗಿನವರ ಸಹಿಯ ಕೆಳಗೆ ಅದರ ಜೊತೆಗೆ C.P. No. ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ಅದು ಸ್ವಂತ ವೃತ್ತಿ ನಡೆಸುವ ಪರವಾನಗಿ. ಅದು ಕಂಡರೆ ಆ ಮನುಷ್ಯ ನಿಮ್ಮ ಕಂಪನಿಯ ಒಳಗಿನವರಲ್ಲ.

ನಾಲ್ಕನೆಯವನೇ ದುಡ್ಡು ಕೇಳಿದವನು. ಕಂಪನಿಯ ಹೆಸರು ಹಾಕಿ 'ಕಾಂಟ್ಯಾಕ್ಟ್ ನಂಬರ್' ಎಂದು ಹುಡುಕಿದಾಗ ಯಾವುದೋ ಪುಟದಲ್ಲಿ ಒಂದು ಮೊಬೈಲ್ ನಂಬರ್ ಸಿಕ್ಕಿತ್ತು. ಫೋನ್ ಎತ್ತಿದವನು 'ನಾನು ಸೆಕ್ರೆಟರಿ ಆಫೀಸಿನಿಂದ' ಎಂದ. ವಾಟ್ಸಾಪ್‌ನಲ್ಲಿ ಕಂಪನಿಯ ಲೋಗೊ ಇರುವ ಪತ್ರ ಕಳಿಸಿದ. 4,500 ರೂಪಾಯಿ ಪ್ರೊಸೆಸಿಂಗ್, ಆಮೇಲೆ ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತು. ಪತ್ರದ ಕೆಳಗೆ ಯಾರ ಹೆಸರಿತ್ತು ಗೊತ್ತೇ? ಆ 2022-23ರ ವರದಿಯ ಸೆಕ್ರೆಟರಿಯ ಹೆಸರೇ. ಆ ಹೆಸರು ನೋಡಿಯೇ ಹುಡುಗ ಅರ್ಧ ನಂಬಿದ್ದ. ಪಾಪ, ಆ ಸೆಕ್ರೆಟರಿಗೂ ಈ ಪತ್ರಕ್ಕೂ ಏನೂ ಸಂಬಂಧವಿಲ್ಲ. ಅವರ ಹೆಸರು ಎಲ್ಲರೂ ಓದಬಹುದಾದ ವರದಿಯಲ್ಲಿತ್ತು, ಯಾರೋ ಎತ್ತಿಕೊಂಡಿದ್ದರು.

ನಾನು ಹುಡುಗನಿಗೆ ಹೇಳಿದ್ದು ಇಷ್ಟೇ. ಫೈಲಿಂಗ್‌ನಲ್ಲಿರುವ ಹೆಸರು ಗುಟ್ಟಲ್ಲ. ಅದು ಗೊತ್ತಿದೆ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ನಮಗೆ ಬೇಕಾದದ್ದು ಬೇರೆ ಎರಡು: ಈ ತಿಂಗಳು ಆ ಕುರ್ಚಿಯಲ್ಲಿ ಯಾರಿದ್ದಾರೆ, ಆ ಕುರ್ಚಿಗೆ ಕಾಗದ ಮುಟ್ಟುವ ದಾರಿ ಯಾವುದು.

ಮೊದಲು ಕಂಪನಿ ಯಾವುದು ಅಂತ ಖಾತ್ರಿ

ಈ ಕಂಪನಿ ನಡುವೆ ಹೆಸರು ಬದಲಿಸಿತ್ತು. ಹೆಸರು ಬದಲಿಸಿದ ಕಂಪನಿ ಎರಡು ವರ್ಷ ಮಾತ್ರ ಹಳೇ ಹೆಸರನ್ನೂ ಬೋರ್ಡು ಮತ್ತು ಲೆಟರ್‌ಹೆಡ್ ಮೇಲೆ ತೋರಿಸಬೇಕು. ಆಮೇಲೆ ಹಳೇ ಹೆಸರು ಕಾಗದಗಳಿಂದ ಮಾಯ. ಹುಡುಗ ಹೊಸ ಹೆಸರನ್ನು ಅಂದಾಜಿನ ಮೇಲೆ ಹಿಡಿದಿದ್ದ. ಅಂದಾಜು ಸರಿಯೇ ಇತ್ತು. ಆದರೂ ನಾನು ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗುವುದಿಲ್ಲ. ಒಂದೇ ಮೊದಲಕ್ಷರದ ನಾಲ್ಕು ಕಂಪನಿಗಳು ಒಂದೇ ಗುಂಪಿನಲ್ಲಿರುವುದು ಮುಂಬಯಿಯಲ್ಲಿ ಹೊಸತಲ್ಲ.

ಸರ್ಟಿಫಿಕೇಟಿನ ಜೊತೆ ಆ ಕಾಲದ ಒಂದು ವಾರ್ಷಿಕ ವರದಿಯೂ ಸಿಕ್ಕಿತ್ತು. ಅದರಲ್ಲಿ ನೋಂದಣಿ ಸಂಖ್ಯೆ ಇತ್ತು: 11, ಒಂದು ಗೀಟು, ಆಮೇಲೆ ಐದು ಅಂಕೆ. 11 ಎಂದರೆ ಮಹಾರಾಷ್ಟ್ರ. ಕಂಪನಿ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ ಕಂಪನಿಯ ಮಾಸ್ಟರ್ ಡೇಟಾ ದುಡ್ಡಿಲ್ಲದೆ ನೋಡಬಹುದು. ಹೊಸ ಹೆಸರಿನ ಮಾಸ್ಟರ್ ಡೇಟಾ ತೆರೆದೆವು. ಅಲ್ಲಿ CIN ಎಂಬ 21 ಅಕ್ಷರದ ಗುರುತು ಸಂಖ್ಯೆ ಇರುತ್ತದೆ. ಅದರ ಆಕಾರ ಹೀಗೆ:

```
L 12345 MH 1986 PLC 012345
```

ಇದು ಮಾದರಿ ಮಾತ್ರ. ಬಿಡಿಸಿ ಓದಲೆಂದು ನಡುವೆ ಜಾಗ ಬಿಟ್ಟಿದ್ದೇನೆ, ನಿಜದಲ್ಲಿ ಜಾಗ ಇರುವುದಿಲ್ಲ. ಮೊದಲ ಅಕ್ಷರ L ಇದ್ದರೆ ಲಿಸ್ಟೆಡ್, U ಇದ್ದರೆ ಅಲ್ಲ. ಆಮೇಲೆ ಉದ್ಯಮದ ಸಂಖ್ಯೆ, ರಾಜ್ಯ, ಹುಟ್ಟಿದ ವರ್ಷ, ಕಂಪನಿಯ ಬಗೆ. ಕೊನೆಯ ಆರು ಅಂಕೆ ನೋಂದಣಿ ಸಂಖ್ಯೆ. ನಮ್ಮ ಹಳೇ ವರದಿಯ ಐದು ಅಂಕೆ, ಮುಂದೆ ಒಂದು ಸೊನ್ನೆ ಹಾಕಿದರೆ, ಅಲ್ಲಿ ಹಾಗೇ ಕೂತಿತ್ತು. ಹೆಸರು ಬದಲಾದರೂ ನೋಂದಣಿ ಸಂಖ್ಯೆ ಉಳಿದಿತ್ತು. ಕಂಪನಿ ಇದೇ. ನೋಂದಾಯಿತ ಕಚೇರಿ ಈಗ ಅಂಧೇರಿ ಪೂರ್ವದಲ್ಲಿ.

L ಅಕ್ಷರ ನಮಗೆ ದೊಡ್ಡ ಸುದ್ದಿ. ಕಂಪ್ಲಯನ್ಸ್ ಆಫೀಸರ್ ಎಂಬ ಹುದ್ದೆ ಶೇರುಪೇಟೆಯ ನಿಯಂತ್ರಕ ಸೆಬಿಯ 2015ರ ಲಿಸ್ಟಿಂಗ್ ನಿಯಮಗಳಲ್ಲಿದೆ. ಅದರ 6ನೇ ನಿಯಮ ಹೇಳುತ್ತದೆ: ಪ್ರತಿ ಲಿಸ್ಟೆಡ್ ಕಂಪನಿ ಅರ್ಹತೆ ಇರುವ ಒಬ್ಬ ಕಂಪನಿ ಸೆಕ್ರೆಟರಿಯನ್ನು ಕಂಪ್ಲಯನ್ಸ್ ಆಫೀಸರ್ ಆಗಿ ನೇಮಿಸಬೇಕು. ಅವರ ಕೆಲಸಗಳ ಪಟ್ಟಿಯಲ್ಲಿ ಒಂದು, ಹೂಡಿಕೆದಾರರ ದೂರಿಗೆಂದು ಕಂಪನಿ ಇಟ್ಟ ಇಮೇಲ್ ಮೇಲೆ ಕಣ್ಣಿಡುವುದು. ನಾವು ಬರೆಯುವ ಕಾಗದ ಓದುವುದು ಅವರು ನಮಗೆ ಮಾಡುವ ಉಪಕಾರ ಅಲ್ಲ, ಅವರ ನಿಯಮದ ಕೆಲಸ. U ಇದ್ದಿದ್ದರೆ ಈ ಹುದ್ದೆಯೇ ಇರಬೇಕೆಂದಿಲ್ಲ. ಪಾವತಿಯಾದ ಬಂಡವಾಳ 10 ಕೋಟಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗೆ ಪೂರ್ಣಾವಧಿ ಸೆಕ್ರೆಟರಿ ಇರಬೇಕು, ಅಷ್ಟೇ. ಅಲ್ಲಿ ಎಕ್ಸ್‌ಚೇಂಜ್ ಪುಟವೂ ಇಲ್ಲ, ಸೆಬಿಯ ದೂರು ದಾರಿಯೂ ಇಲ್ಲ, ಮಾಸ್ಟರ್ ಡೇಟಾ ಹಿಡಿದುಕೊಂಡೇ ಹೋಗಬೇಕು.

ಮಾಸ್ಟರ್ ಡೇಟಾದಲ್ಲಿ ಒಂದು ಇಮೇಲ್ ಇರುತ್ತದೆ, ನೋಡಿದ ಕೂಡಲೇ ಅದಕ್ಕೆ ಬರೆಯಬೇಡಿ. ಫಾರ್ಮ್ ತುಂಬಿದ ಹೊರಗಿನ ಕನ್ಸಲ್ಟೆಂಟ್ ತನ್ನದೇ ಇಮೇಲ್ ಹಾಕಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದನ್ನು ಹೋಲಿಸಿ ನೋಡಲು ಇಟ್ಟುಕೊಳ್ಳಿ.

ಮೂರು ತಿಂಗಳಿಗೊಮ್ಮೆ ಬರುವ ಸಹಿ

ಈಗ ಆ ಕುರ್ಚಿಯಲ್ಲಿ ಯಾರಿದ್ದಾರೆ? ಈ ಕಂಪನಿ ಮುಂಬಯಿ ಎಕ್ಸ್‌ಚೇಂಜಿನಲ್ಲಿ ಮಾತ್ರ ಲಿಸ್ಟ್ ಆಗಿದೆ. bseindia.com ನಲ್ಲಿ ಹೆಸರು ಹಾಕಿದರೆ ಆರಂಕಿಯ ಸ್ಕ್ರಿಪ್ ಕೋಡ್ ಇರುವ ಪುಟ ಬರುತ್ತದೆ. ಅಲ್ಲಿ ಕಂಪನಿಯ ಮಾಹಿತಿ ಎಂಬ ಭಾಗದಲ್ಲಿ ಸೆಕ್ರೆಟರಿಯ ಹೆಸರು, ಕಂಪನಿಯ ಪರವಾಗಿ ಶೇರುದಾರರ ಲೆಕ್ಕ ಇಡುವ ರಿಜಿಸ್ಟ್ರಾರ್ ಹೆಸರು, ವಿಳಾಸ ಎಲ್ಲ ಇರುತ್ತದೆ. ಹುಡುಗ ಅದನ್ನೂ ನೋಡಿದ್ದ. ಅಲ್ಲಿಯೂ ಆ ಹಳೇ ಸೆಕ್ರೆಟರಿಯ ಹೆಸರೇ ಇತ್ತು. 'ಎರಡು ಕಡೆ ಒಂದೇ ಹೆಸರು ಇದೆ, ಹಾಗಾದರೆ ಸರಿ' ಎಂದುಕೊಂಡಿದ್ದ.

ಮಾಹಿತಿ ಪುಟದ ತೊಂದರೆಯೇ ಅದು. ಅಲ್ಲಿ ಹೆಸರಿದೆ, ತಾರೀಖಿಲ್ಲ. ಯಾರಾದರೂ ಬದಲಿಸುವವರೆಗೂ ಹಳೆಯದೇ ನಿಂತಿರುತ್ತದೆ. ಎರಡು ಕಡೆ ಒಂದೇ ಹೆಸರಿದ್ದರೆ ಎರಡೂ ಹಳೆಯದಾಗಿರಬಹುದು. ತಾರೀಖಿರುವುದು ಪ್ರಕಟಣೆಗಳ ಭಾಗದಲ್ಲಿ, ಅಂದರೆ Corp Announcements ಎಂಬಲ್ಲಿ. ಕಂಪನಿ ಎಕ್ಸ್‌ಚೇಂಜಿಗೆ ಕಳಿಸಿದ ಪ್ರತಿ ಪತ್ರವೂ ಅಲ್ಲಿ ಪಿಡಿಎಫ್ ಆಗಿ, ದಿನ ಮತ್ತು ಗಂಟೆ ಸಮೇತ ಬೀಳುತ್ತದೆ.

ಸಣ್ಣ ಕಂಪನಿಗಳು ಹೆಚ್ಚು ಪ್ರಕಟಣೆ ಕೊಡುವುದಿಲ್ಲ. ಆದರೆ ಒಂದು ಪತ್ರವನ್ನು ಸಾಮಾನ್ಯವಾಗಿ ಯಾರೂ ತಪ್ಪಿಸುವುದಿಲ್ಲ: ಟ್ರೇಡಿಂಗ್ ವಿಂಡೋ ಮುಚ್ಚುವ ಸೂಚನೆ. ಮೂರು ತಿಂಗಳ ಲೆಕ್ಕ ಮುಗಿದ ದಿನದಿಂದ, ಫಲಿತಾಂಶ ಹೊರಬಂದು 48 ಗಂಟೆ ಕಳೆಯುವವರೆಗೆ, ಕಂಪನಿಯ ಒಳಗಿನವರು ಅದರ ಶೇರು ಕೊಳ್ಳುವ ಮಾರುವ ಹಾಗಿಲ್ಲ. ಅದಕ್ಕಾಗಿ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೇ ವಾರದಲ್ಲಿ ಒಂದು ಪುಟದ ಪತ್ರ ಹೋಗುತ್ತದೆ. ಓದಲು ಅದರಲ್ಲಿ ಏನೂ ಇಲ್ಲ. ನನ್ನಂಥವರಿಗೆ ಮಾತ್ರ ಅದು ಚಿನ್ನ. ಕೆಳಗೆ ಸಾಮಾನ್ಯವಾಗಿ ಕಂಪ್ಲಯನ್ಸ್ ಆಫೀಸರ್ ಸಹಿ, ಸದಸ್ಯತ್ವ ಸಂಖ್ಯೆ, ಮೇಲೆ ಲೆಟರ್‌ಹೆಡ್. ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಲೆಟರ್‌ಹೆಡ್ ಮೇಲೆ ನೋಂದಾಯಿತ ಕಚೇರಿಯ ವಿಳಾಸ, CIN, ಫೋನ್, ಇಮೇಲ್ ಇರಬೇಕು. ಅಂದರೆ ವರ್ಷಕ್ಕೆ ನಾಲ್ಕು ಸಲ 'ಈಗ ನಾನು ಇಲ್ಲಿದ್ದೇನೆ' ಎಂದು ಆ ಹುದ್ದೆಯವರು ತಾವೇ ಹೇಳಿಕೊಂಡ ಹಾಗೆ.

ನಾವು ಕೂತದ್ದು ಸೆಪ್ಟೆಂಬರ್ 29ಕ್ಕೆ. ಸೂಚನೆ ಬಿದ್ದದ್ದು 26ಕ್ಕೆ. ಮೂರು ದಿನದ ತಾಜಾ ಸಹಿ. ಹೆಸರು ಬೇರೆ, ಒಬ್ಬ ಹೆಣ್ಣುಮಗಳದ್ದು. C.P. No. ಇಲ್ಲ.

"ಇವರು ಯಾವಾಗ ಬಂದರು?" ಎಂದ ಹುಡುಗ.

ಅದೇ ಪಟ್ಟಿಯಲ್ಲಿ ಹಿಂದಕ್ಕೆ ಹೋದೆವು. ಕಂಪ್ಲಯನ್ಸ್ ಆಫೀಸರ್ ಬದಲಾದರೆ ಅದನ್ನೂ ಎಕ್ಸ್‌ಚೇಂಜಿಗೆ ತಿಳಿಸಬೇಕು. 30ನೇ ನಿಯಮ. ಹಳೆಯವರು ಮೇ 31ಕ್ಕೆ ಬಿಟ್ಟಿದ್ದರು, ರಾಜೀನಾಮೆ ಪತ್ರವೂ ಜೊತೆಗಿತ್ತು. ಹೊಸಬರನ್ನು ನೇಮಿಸಿದ್ದು ಆಗಸ್ಟ್ 13ರ ಬೋರ್ಡ್ ಮೀಟಿಂಗ್‌ನಲ್ಲಿ. ಲಿಸ್ಟೆಡ್ ಕಂಪನಿಯಲ್ಲಿ ಈ ಹುದ್ದೆ ಖಾಲಿಯಾದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತುಂಬಬೇಕು. ತುಂಬಿದ್ದರು. ನಿಯಮದ ಪ್ರಕಾರ ತಪ್ಪೇನಿಲ್ಲ. ಆದರೆ ಆ ಎರಡೂವರೆ ತಿಂಗಳಲ್ಲಿಯೇ ನಮ್ಮ ಹುಡುಗ ಬರೆದ ಕಾಗದಗಳೆಲ್ಲ ಬಿದ್ದಿದ್ದವು. ಜೂನ್ ಕೊನೆಯಿಂದ.

ಕಾಗದ ಎಲ್ಲಿ ಸಿಕ್ಕಿಬಿದ್ದಿತ್ತು

ಹೀಗೆ ಕೇಳಬಹುದು: ಶೇರಿನ ಕೆಲಸ ಮಾಡುವುದು ರಿಜಿಸ್ಟ್ರಾರ್ ಅಲ್ವಾ, ಸೆಕ್ರೆಟರಿಯ ಹಿಂದೆ ಯಾಕೆ ಹೋಗಬೇಕು? ಪ್ರಶ್ನೆ ಸರಿ. ಮೊದಲ ಬಾಗಿಲು ರಿಜಿಸ್ಟ್ರಾರೇ. ಫೋಲಿಯೊ ಎಂಬ ಶೇರುದಾರರ ಖಾತೆ, ಸಹಿ, ವಿಳಾಸ ಎಲ್ಲ ಅವರ ಹತ್ತಿರ. ಎಲ್ಲದಕ್ಕೂ ಸೆಕ್ರೆಟರಿಗೆ ಬರೆದರೆ ಅವರು ರಿಜಿಸ್ಟ್ರಾರ್‌ಗೇ ಕಳಿಸುತ್ತಾರೆ, ಎರಡು ವಾರ ಸುಮ್ನೆ ಹೋಗುತ್ತದೆ. ಹುಡುಗ ಈಗಿನ ರಿಜಿಸ್ಟ್ರಾರ್‌ಗೆ ಜೂನ್‌ನಲ್ಲೇ ಫಾರ್ಮು, ಮರಣ ಪ್ರಮಾಣಪತ್ರ ಎಲ್ಲ ಕಳಿಸಿದ್ದ. ಟಿಕೆಟ್ ನಂಬರ್ ಬಂದಿತ್ತು. ಮೂರು ಜ್ಞಾಪನ ಹೋಗಿತ್ತು. ಮೂರಕ್ಕೂ ಒಂದೇ ಉತ್ತರ: 'ಕಂಪನಿಯ ಒಪ್ಪಿಗೆಗೆ ಕಳಿಸಲಾಗಿದೆ.'

ಈ ಮೂರು ಪದಗಳ ಉತ್ತರವೇ ಸುಳಿವು. ಕೆಲಸ ರಿಜಿಸ್ಟ್ರಾರ್ ಹತ್ತಿರ ನಿಂತಿಲ್ಲ, ಕಂಪನಿಯಲ್ಲಿ ನಿಂತಿದೆ. ಹಾಗೆ ಬರೆದು ಬಂದರೆ ಆಗ ಸೆಕ್ರೆಟರಿಯ ಬಾಗಿಲು ತಟ್ಟಬೇಕು.

ನಡುವೆ ಹುಡುಗ ಇನ್ನೊಂದು ಪತ್ರ ಬರೆದಿದ್ದ, 'ಕಂಪ್ಲಯನ್ಸ್ ಆಫೀಸರ್' ಎಂದೇ. ನೋಡಿದರೆ ಅದು ಅವನ ಸ್ವಂತ ಡಿಮ್ಯಾಟ್ ಬ್ರೋಕರ್‌ನ ಕಂಪ್ಲಯನ್ಸ್ ಆಫೀಸರ್. ಬ್ರೋಕರ್‌ಗೂ ಒಬ್ಬರು, ರಿಜಿಸ್ಟ್ರಾರ್‌ಗೂ ಒಬ್ಬರು, ಕಂಪನಿಗೂ ಒಬ್ಬರು. ಪದ ಒಂದೇ, ಮನೆ ಬೇರೆ. ಬ್ರೋಕರ್ ಮಾಡಿದ ತಪ್ಪಿಗೆ ಮಾತ್ರ ಬ್ರೋಕರ್‌ನವರು.

ಇಮೇಲ್ ವಿಷಯಕ್ಕೆ ಬಂದೆವು. ಹೊಸಬರ ಹೆಸರು ಗೊತ್ತಾದ ಕೂಡಲೇ ಹುಡುಗ ಏನು ಮಾಡಿದ ಗೊತ್ತೇ? ಹಳೆಯವರ ಇಮೇಲ್‌ನ ಮಾದರಿ ನೋಡಿ, ಹೊಸ ಹೆಸರು ಹಾಕಿ, ಒಂದು ವಿಳಾಸ ತಾನೇ ಕಟ್ಟಿದ. ಮೊಬೈಲಿನಲ್ಲಿ ಅವರ ಫೋಟೊ ಇರುವ ಪುಟವನ್ನೂ ತೆಗೆದ. ನಾನು ತಡೆದೆ. ಮೊದಲ ತಪ್ಪನ್ನೇ ಇನ್ನೊಮ್ಮೆ ಮಾಡುತ್ತಿದ್ದಾನೆ. ಹೆಸರಿನ ಇಮೇಲ್ ಆ ವ್ಯಕ್ತಿ ಇರುವವರೆಗೆ ಮಾತ್ರ ಜೀವಂತ. ಅಲ್ಲದೆ ಅವರ ಸ್ವಂತ ಪುಟಕ್ಕೆ, ಸ್ವಂತ ಮೊಬೈಲಿಗೆ ಹೋಗುವುದು ಸಭ್ಯತೆಯೂ ಅಲ್ಲ, ಉಪಯೋಗವೂ ಇಲ್ಲ. ಅಲ್ಲಿ ಬಿದ್ದ ಸಂದೇಶ ಕಂಪನಿಯ ದೂರಿನ ಲೆಕ್ಕಕ್ಕೆ ಬರುವುದಿಲ್ಲ.

ಬೇಕಾದದ್ದು ಹುದ್ದೆಯ ಇಮೇಲ್. ಸೆಬಿಯ 46ನೇ ನಿಯಮದಂತೆ ಲಿಸ್ಟೆಡ್ ಕಂಪನಿಯ ವೆಬ್‌ಸೈಟಿನಲ್ಲಿ ದೂರಿನ ಇಮೇಲ್ ಇರಬೇಕು, ದೂರು ನೋಡುವ ಅಧಿಕಾರಿಗಳ ಸಂಪರ್ಕವೂ ಇರಬೇಕು. ಸಣ್ಣ ಕಂಪನಿಗಳ ಸೈಟಿನಲ್ಲಿ ಇದು ಎದುರಿಗೇ ಕಾಣುವುದಿಲ್ಲ. ಪುಟದ ತಳಕ್ಕೆ ಇಳಿದು Investors ಎಂಬುದನ್ನು ಒತ್ತಬೇಕು. ಅಲ್ಲಿ investor ಎಂದು ಶುರುವಾಗಿ ಕಂಪನಿಯ ಡೊಮೇನ್‌ನಲ್ಲಿ ಮುಗಿಯುವ ಒಂದು ಇಮೇಲ್ ಸಿಕ್ಕಿತು. ಸೆಪ್ಟೆಂಬರ್ 26ರ ಲೆಟರ್‌ಹೆಡ್ ಮೇಲೆಯೂ ಅದೇ. ಆ ವರ್ಷದ ವಾರ್ಷಿಕ ವರದಿಯಲ್ಲಿ ಪತ್ರ ವ್ಯವಹಾರದ ವಿಳಾಸ ಎಂದು ಕೊಟ್ಟಿದ್ದೂ ಅದೇ. ಮೂರು ಕಡೆ ಹೊಂದಿತು, ಅದರಲ್ಲಿ ಒಂದಕ್ಕೆ ಮೂರು ದಿನದ ಹಿಂದಿನ ತಾರೀಖು. ನನಗೆ ಅಷ್ಟು ಸಾಕು.

ವಾರ್ಷಿಕ ವರದಿಯ ಬಗ್ಗೆ ಒಂದು ಮಾತು. ಕಂಪ್ಲಯನ್ಸ್ ಆಫೀಸರ್ ಹೆಸರು, ಎಷ್ಟು ದೂರು ಬಂತು, ಎಷ್ಟು ಬಾಕಿ ಎಂಬುದು ಕಾರ್ಪೊರೇಟ್ ಗವರ್ನೆನ್ಸ್ ವರದಿಯಲ್ಲಿ ಇರುತ್ತದೆ. ಆದರೆ ಬಂಡವಾಳ 10 ಕೋಟಿ, ನಿವ್ವಳ ಮೌಲ್ಯ 25 ಕೋಟಿ ಮೀರದ ಕಂಪನಿಗಳಿಗೆ ಆ ವರದಿಯಿಂದ ವಿನಾಯಿತಿ ಇತ್ತು. ಅಂಥ ಕಂಪನಿಯ ಪುಸ್ತಕದಲ್ಲಿ ಆ ಪುಟ ಹುಡುಕಿ ಸಿಗದಿದ್ದರೆ ಗಾಬರಿಯಾಗಬೇಡಿ. 6ನೇ ನಿಯಮದಿಂದ ವಿನಾಯಿತಿ ಇಲ್ಲ, ಹುದ್ದೆ ಇದ್ದೇ ಇರುತ್ತದೆ. ಸಭೆಯ ನೋಟಿಸಿನ ಕೆಳಗೆ ಸಹಿ ನೋಡಿ.

ಮತ್ತೆ ನಮ್ಮ ಮಾತಿಗೆ. ಕಾಗದ ಬರೆಯುವ ಮೊದಲು ಅದೇ ಸೈಟಿನಲ್ಲಿ ಇನ್ನೊಂದು ಪಟ್ಟಿ ತೆಗೆಸಿದೆ. ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ಕೇಳದಿದ್ದರೆ ಆ ಶೇರುಗಳು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ, ಐಇಪಿಎಫ್‌ಗೆ, ಹೋಗುತ್ತವೆ. ಯಾರ ಯಾರ ಶೇರು ಹೋಯಿತು ಎಂದು ಕಂಪನಿ ಸೈಟಿನಲ್ಲಿ ಹಾಕಬೇಕು. 2018ರ ಪಟ್ಟಿಯಲ್ಲಿ ಗಿರಿಜಕ್ಕನ ಗಂಡನ ಹೆಸರಿತ್ತು. 150 ಅಲ್ಲ, 750. ನಡುವೆ ಹತ್ತು ರೂಪಾಯಿ ಮುಖಬೆಲೆಯ ಶೇರು ಎರಡು ರೂಪಾಯಿಯ ಐದಾಗಿ ಒಡೆದಿತ್ತು.

ಗಿರಿಜಕ್ಕ ಅಲ್ಲಿಯವರೆಗೂ ಸುಮ್ಮನೆ ಕೂತಿದ್ದರು. "ಸರ್ಕಾರಕ್ಕೆ ಹೋಯಿತು ಅಂದರೆ ಹೋಯಿತೇ ಅಣ್ಣ?" ಎಂದರು.

ಹೋಗಲಿಲ್ಲ, ಕೇಳಿದರೆ ಕೊಡುತ್ತಾರೆ. ಕೇಳುವ ದಾರಿಯಲ್ಲಿ ಇನ್ನೊಂದು ಹುದ್ದೆ ಬರುತ್ತದೆ: ನೋಡಲ್ ಆಫೀಸರ್. ಐಇಪಿಎಫ್ ಕೆಲಸಕ್ಕೆ ಪ್ರತಿ ಕಂಪನಿ ಒಬ್ಬರನ್ನು ಹೆಸರಿಸಬೇಕು. ಅವರು ಡೈರೆಕ್ಟರ್, ಹಣಕಾಸು ಮುಖ್ಯಸ್ಥರು ಅಥವಾ ಕಂಪನಿ ಸೆಕ್ರೆಟರಿ, ಈ ಮೂವರಲ್ಲಿ ಒಬ್ಬರು. ಸೈಟಿನಲ್ಲಿ ಹೆಸರು ಹಾಕಿರಬೇಕು. ಈ ಕಂಪನಿಯಲ್ಲಿ ಸೆಕ್ರೆಟರಿಯೇ ನೋಡಲ್ ಆಫೀಸರ್. ಆದರೆ ಆ ಪುಟದಲ್ಲಿ ಇನ್ನೂ ಹಳೆಯವರ ಹೆಸರೇ, ಅವರ ಹೆಸರಿನ ಇಮೇಲೇ! ಆಗ ನನಗೆ ಗಂಟು ಬಿಚ್ಚಿದ ಹಾಗಾಯಿತು. ರಿಜಿಸ್ಟ್ರಾರ್ ಒಪ್ಪಿಗೆಗೆ ಕಳಿಸುತ್ತಿದ್ದದ್ದೂ ಇದೇ ಇಮೇಲ್‌ಗೆ ಇರಬೇಕು.

ಕಾಗದ

ಸೋಮವಾರ, ಸೆಪ್ಟೆಂಬರ್ 30, ಕಾಗದ ಹೋಯಿತು. ಒಂದೇ ಪುಟ. ಮೇಲೆ 'ಕಂಪನಿ ಸೆಕ್ರೆಟರಿ ಮತ್ತು ಕಂಪ್ಲಯನ್ಸ್ ಆಫೀಸರ್ ಅವರಿಗೆ', ವ್ಯಕ್ತಿಯ ಹೆಸರಿಲ್ಲ. ಹುಡುಗನಿಗೆ ಇದು ವಿಚಿತ್ರ ಎನಿಸಿತು. ಇಷ್ಟು ಕಷ್ಟಪಟ್ಟು ಹೆಸರು ಹುಡುಕಿ, ಅದನ್ನೇ ಬರೆಯದೆ ಇರುವುದಾ? ನಮ್ಮ ಇನ್‌ವರ್ಡ್ ಟೇಬಲ್ಲಿನ ಪದ್ಧತಿ ಅವನಿಗೆ ಹೇಳಿದೆ. ವ್ಯಕ್ತಿಯ ಹೆಸರಿಗೆ ಬಂದ ಲಕೋಟೆಯನ್ನು ಒಡೆಯದೆ ಅವರ ಟೇಬಲ್ ಮೇಲೆ ಇಡುತ್ತಿದ್ದೆವು. ಅವರು ರಜೆಯಲ್ಲಿದ್ದರೆ ರಜೆ ಮುಗಿಯುವವರೆಗೂ ಅಲ್ಲೇ. ಹುದ್ದೆಗೆ ಬಂದದ್ದನ್ನು ಅಂದೇ ಒಡೆದು, ನಂಬರ್ ಹಾಕಿ, ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದೆವು. ಹೆಸರು ಹುಡುಕಿದ್ದು ಕುರ್ಚಿ ಖಾಲಿ ಇಲ್ಲ ಎಂದು ತಿಳಿಯಲು.

ಒಳಗೆ ಫೋಲಿಯೊ ನಂಬರ್, ಮೂರು ಸರ್ಟಿಫಿಕೇಟುಗಳ ನಂಬರ್, ರಿಜಿಸ್ಟ್ರಾರ್ ಟಿಕೆಟ್ ನಂಬರ್, ಅವರ ಉತ್ತರಗಳ ತಾರೀಖು. ಆಮೇಲೆ ಎರಡೇ ಪ್ರಶ್ನೆ. ರಿಜಿಸ್ಟ್ರಾರ್ ಕಳಿಸಿದ ಒಪ್ಪಿಗೆಯ ಕೋರಿಕೆ ತಲುಪಿದೆಯೇ? ಐಇಪಿಎಫ್‌ಗೆ ಅರ್ಜಿ ಹಾಕುವ ಮೊದಲು ಬೇಕಾದ ಎಂಟೈಟಲ್‌ಮೆಂಟ್ ಲೆಟರ್, ಅಂದರೆ ಈ ಶೇರು ಇವರಿಗೆ ಸಲ್ಲಬೇಕು ಎಂದು ಕಂಪನಿ ಕೊಡುವ ಪತ್ರ, ಯಾವಾಗ ಸಿಗುತ್ತದೆ? ಜೊತೆಗೆ ಒಂದು ಸಾಲು: ನೋಡಲ್ ಆಫೀಸರ್ ಪುಟದಲ್ಲಿ ಮೇ 31ಕ್ಕೆ ಬಿಟ್ಟವರ ಇಮೇಲ್ ಇದೆ, ದಯವಿಟ್ಟು ನೋಡಿ. ಸಿಟ್ಟಿನ ಮಾತಿಲ್ಲ. ಪ್ಯಾನ್, ಆಧಾರ್ ಪ್ರತಿ ಹಾಕಲಿಲ್ಲ. ಅದು ಆಗಲೇ ರಿಜಿಸ್ಟ್ರಾರ್ ಹತ್ತಿರ ಇದೆ. ಮೂಲ ಸರ್ಟಿಫಿಕೇಟಂತೂ ಕಪಾಟಿನಿಂದ ಹೊರಗೆ ಬರಲಿಲ್ಲ. ಇಮೇಲ್ ಹುದ್ದೆಯ ವಿಳಾಸಕ್ಕೆ, ಪ್ರತಿ ರಿಜಿಸ್ಟ್ರಾರ್‌ಗೆ. ಅದನ್ನೇ ಮುದ್ರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಅಂಧೇರಿಗೆ.

ಉತ್ತರ ಬರದಿದ್ದರೆ ಮುಂದಿನ ಮೆಟ್ಟಿಲು ಸೆಬಿಯ SCORES. ಅಲ್ಲಿ ದೂರು ಬಿದ್ದರೆ ಕಂಪನಿ 21 ದಿನದಲ್ಲಿ ಉತ್ತರ ಕೊಡಬೇಕು. ಅಲ್ಲಿಗೆ ಹೋಗಲು ವಿಷಯ ಹುಟ್ಟಿ ಒಂದು ವರ್ಷದೊಳಗಿರಬೇಕು, ಮೊದಲು ಕಂಪನಿಗೆ ಬರೆದಿರಬೇಕು. ತಪ್ಪು ವಿಳಾಸಕ್ಕೆ ಬರೆದ ನಾಲ್ಕು ಕಾಗದ ಇಟ್ಟುಕೊಂಡು ಹೋಗಿದ್ದರೆ 'ನಮಗೆ ಏನೂ ಬಂದಿಲ್ಲ' ಎಂದು ಕಂಪನಿ ಹೇಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಈಗ ಸರಿಯಾದ ವಿಳಾಸಕ್ಕೆ ಹೋದ ಒಂದು ಕಾಗದದ ತಾರೀಖು ಕೈಯಲ್ಲಿತ್ತು.

ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಅಕ್ಟೋಬರ್ 7ಕ್ಕೆ ಉತ್ತರ ಬಂತು. ಬಂದದ್ದು ಅಂಧೇರಿಯಿಂದ ಅಲ್ಲ. ಸೆಕ್ರೆಟೇರಿಯಲ್ ವಿಭಾಗ ಕೂತಿರುವುದು ಪುಣೆಯ ಹತ್ತಿರ ಚಾಕಣ್‌ನ ಫ್ಯಾಕ್ಟರಿಯಲ್ಲಿ. ಹುಡುಗ ತಲೆ ಚಚ್ಚಿಕೊಂಡ. ಅವನ ಮನೆಯಿಂದ ಬೈಕಿನಲ್ಲಿ ಹೋಗುವಷ್ಟು ದೂರ. ಹೋಗಿದ್ದರೂ ಗೇಟಿನಲ್ಲಿ ಯಾರ ಹೆಸರು ಹೇಳುತ್ತಿದ್ದ? ಹಳೆಯವರದ್ದೇ.

ಉತ್ತರ ಚುಟುಕಾಗಿತ್ತು, ನೇರವಾಗಿತ್ತು. ರಿಜಿಸ್ಟ್ರಾರ್ ಕೋರಿಕೆ ಜುಲೈನಲ್ಲಿ ಹಿಂದಿನ ಅಧಿಕಾರಿಯ ಇಮೇಲ್‌ಗೆ ಬಂದಿದೆ, ಆ ಪೆಟ್ಟಿಗೆಯನ್ನು ಯಾರೂ ನೋಡುತ್ತಿರಲಿಲ್ಲ, ಈಗ ತೆಗೆದಿದ್ದೇವೆ, ಕ್ಷಮಿಸಿ. ಗಿರಿಜಕ್ಕನ ಸಹಿ 1994ರದ್ದಕ್ಕೆ ಹೊಂದುತ್ತಿಲ್ಲ, ಬ್ಯಾಂಕಿನಿಂದ ದೃಢೀಕರಿಸಿ ಕಳಿಸಿ. ಮೂವತ್ತು ವರ್ಷದಲ್ಲಿ ಯಾರ ಸಹಿ ತಾನೇ ಹೊಂದುತ್ತದೆ? ಅದಕ್ಕೆ ISR-2 ಎಂಬ ಫಾರ್ಮಿದೆ. ಬ್ಯಾಂಕಿನವರು ಸೀಲು ಹೊಡೆದು ಕೊಟ್ಟರು.

ದೀಪಾವಳಿ ಕಳೆದು ಎರಡನೇ ವಾರ ಎಂಟೈಟಲ್‌ಮೆಂಟ್ ಲೆಟರ್ ಬಂತು. IEPF-5 ಫಾರ್ಮ್ ಆನ್‌ಲೈನ್‌ನಲ್ಲಿ ಹಾಕಿ, ಅದರ ಮುದ್ರಿತ ಕಟ್ಟು ನೋಡಲ್ ಆಫೀಸರ್ ಹುದ್ದೆಯ ಹೆಸರಿಗೆ ಹೋಯಿತು. ಲಕೋಟೆಯ ಮೇಲೆ Claim for refund from IEPF Authority ಎಂದು ಬರೆಯಬೇಕು. ಗಿರಿಜಕ್ಕ ಅದನ್ನು ಒಂದೊಂದೇ ಅಕ್ಷರ ನೋಡಿ ತಾವೇ ಬರೆದರು. ಅರ್ಜಿ ಈಗ ಸರ್ಕಾರದ ಸರದಿಯಲ್ಲಿತ್ತು. ಅಲ್ಲಿ ಅವಸರ ಮಾಡಿಸುವ ದಾರಿ ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ ಕೊನೇ ವಾರ ಗಿರಿಜಕ್ಕ ಫೋನ್ ಮಾಡಿದರು.

"ಅಣ್ಣ, ಆ ಹುಡುಗಿ ಅಲ್ಲೇ ಇದ್ದಾಳಾ, ಅವಳೂ ಬಿಟ್ಟು ಹೋದಳಾ?"

ಎಕ್ಸ್‌ಚೇಂಜ್ ಪುಟ ತೆರೆದೆ. ಹಿಂದಿನ ದಿನ ಸಂಜೆ ಟ್ರೇಡಿಂಗ್ ವಿಂಡೋ ಸೂಚನೆ ಬಿದ್ದಿತ್ತು. ಕೆಳಗೆ ಅದೇ ಸಹಿ.

"ಇದ್ದಾಳೆ ಅಕ್ಕ" ಎಂದೆ. "ಇನ್ನು ಮಾರ್ಚ್ ಕೊನೆಗೆ ನೋಡೋಣ."